ಕುಂಕುಮ, ಮೆಹೆಂದಿ, ಲಿಪ್‌ಸ್ಟಿಕ್ ಕಲೆ: ಯಾವ ಬಟ್ಟೆಗೆ ಯಾವ ಉಪಾಯ?

ಮದುವೆ ಮುಗಿದ ಮೂರನೇ ದಿನ ಅಕ್ಕ ಒಂದು ಚೀಲ ತಂದು ನನ್ನ ಮುಂದಿಟ್ಟಳು. ಒಳಗೆ ಮೂರು ಬಟ್ಟೆ. ಭಾವನ ಬಿಳಿ ಹತ್ತಿ ಪಂಚೆಗೆ ಕುಂಕುಮ. ಮಗಳ ಕೆನೆ ಬಣ್ಣದ ಕಾಟನ್ ಟಾಪ್‌ಗೆ ಮೆಹೆಂದಿ. ಅಕ್ಕನ ನೀಲಿ ಜಾರ್ಜೆಟ್ ಸೀರೆಯ ಸೆರಗಿಗೆ ಲಿಪ್‌ಸ್ಟಿಕ್. "ಎಲ್ಲಾ ಒಂದೇ ಬಕೆಟ್‌ಗೆ ಹಾಕಿ ಬಿಸಿನೀರಲ್ಲಿ ನೆನೆಸಿಡಲಾ?" ಅಂತ ಕೇಳಿದಳು.

ಬೇಡ ಅಂದೆ. ಸೀರೆಗೆ ಫಾಲ್ ಹಾಕಿ, ಕುಚ್ಚು ಕಟ್ಟಿಕೊಡುವ ಕೆಲಸ ಮಾಡುವ ನನ್ನ ಹತ್ತಿರ ಇಂಥ ಬಟ್ಟೆ ಬರುತ್ತಲೇ ಇರುತ್ತವೆ. ಮೂರೂ ಕಲೆ ಕೆಂಪು ಅಂತ ಮೂರಕ್ಕೂ ಒಂದೇ ಮದ್ದು ಮಾಡಿದರೆ ಎರಡಾದರೂ ಕೆಡುತ್ತವೆ. ಕುಂಕುಮ ಅಂದರೆ ಪುಡಿ ಮತ್ತು ಬಣ್ಣ. ಮೆಹೆಂದಿ ಅಂದರೆ ನೂಲನ್ನು ಹಿಡಿದುಕೊಳ್ಳುವ ಎಲೆಯ ಬಣ್ಣ. ಲಿಪ್‌ಸ್ಟಿಕ್ ಅಂದರೆ ಮೇಣ, ಎಣ್ಣೆ, ಅದರೊಳಗೆ ಬಣ್ಣ. ಒಂದಕ್ಕೆ ಗೆಳೆಯನಾದ ನಿಂಬೆಹಣ್ಣು ಇನ್ನೊಂದಕ್ಕೆ ಶತ್ರು.

ಮೊದಲು ಬಟ್ಟೆ ಯಾವುದು ಅಂತ ನೋಡಿ

ಕಾಟನ್ ಅಂತ ಹೇಳಿ ಮಾರಿದ್ದೆಲ್ಲ ಕಾಟನ್ ಅಲ್ಲ. ಅನುಮಾನ ಇದ್ದರೆ ಒಳಗಿನ ಹೊಲಿಗೆ ಹತ್ತಿರದಿಂದ ಒಂದೆರಡು ಎಳೆ ನೂಲು ಎಳೆದು, ಚಿಮಟದಲ್ಲಿ ಹಿಡಿದು, ಸಿಂಕ್ ಮೇಲೆ ಬೆಂಕಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಅಥವಾ ನೈಲಾನ್ ಆದರೆ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಬೂದಿಯೂ ಇದೆ, ಗಟ್ಟಿ ಚೂರೂ ಇದೆ ಅಂದರೆ ಎರಡೂ ಸೇರಿದ ಬಟ್ಟೆ. ಅದನ್ನು ಸಿಂಥೆಟಿಕ್ ಅಂತಲೇ ಎಣಿಸಿ ಜೋಪಾನ ಮಾಡಿ.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಹತ್ತಿ ನೀರನ್ನು ಕುಡಿಯುತ್ತದೆ. ನೀರಲ್ಲಿ ಕರಗಿದ ಬಣ್ಣವೂ ಜೊತೆಗೆ ನೂಲಿನ ಒಳಗೆ ಹೋಗುತ್ತದೆ. ಆದರೆ ಹತ್ತಿ ಗಟ್ಟಿಗ. ಉಜ್ಜಬಹುದು, ಬಿಸಿಲಿಗೆ ಹಾಕಬಹುದು, ಬಿಳಿ ಹತ್ತಿಯಾದರೆ ಬ್ಲೀಚನ್ನೂ ತಡೆಯುತ್ತದೆ. ಪಾಲಿಯೆಸ್ಟರ್ ನೀರು ಕುಡಿಯುವುದಿಲ್ಲ, ಹಾಗಾಗಿ ಎಷ್ಟೋ ಬಣ್ಣ ಸುಲಭವಾಗಿ ಜಾರಿ ಹೋಗುತ್ತದೆ. ಎಣ್ಣೆಯನ್ನು ಮಾತ್ರ ಅದು ಬಿಡುವುದಿಲ್ಲ. ಬಿಸಿ ತಾಗಿದರೆ ಕೆಲವು ಬಣ್ಣಗಳನ್ನು ಒಳಗೆ ಎಳೆದುಕೊಂಡೂ ಬಿಡುತ್ತದೆ. ಅದಕ್ಕೇ ಸಿಂಥೆಟಿಕ್‌ಗೆ ಕಲೆ ಇರುವಾಗ ಬಿಸಿನೀರು, ಇಸ್ತ್ರಿ ಎರಡೂ ಕೂಡದು. ಸ್ವಲ್ಪ ಕಲೆ ಉಳಿದಿದ್ದ ಒಂದು ಸೀರೆಗೆ ಅಂಗಡಿಯವರು ನೋಡದೆ ಇಸ್ತ್ರಿ ಹಾಕಿ ಕೊಟ್ಟಿದ್ದರು. ಆಮೇಲೆ ನಾನು ಎಷ್ಟು ಒದ್ದಾಡಿದರೂ ಅದು ಅಲ್ಲಾಡಲಿಲ್ಲ.

ಕುಂಕುಮ: ನಿಂಬೆಹಣ್ಣು ಹೇಳುವ ಸತ್ಯ

ಕುಂಕುಮದಲ್ಲಿ ಎರಡು ಜಾತಿ. ಒಂದು ಅರಿಶಿನದಿಂದ ಮಾಡಿದ್ದು. ಇನ್ನೊಂದು ಹಿಟ್ಟಿಗೋ ಕಲ್ಲುಪುಡಿಗೋ ಕೃತಕ ಬಣ್ಣ ಬೆರೆಸಿದ್ದು. ಎರಡಕ್ಕೂ ದಾರಿ ಬೇರೆ. ಯಾವುದು ಅಂತ ಗೊತ್ತಾಗದೆ ಶುರು ಮಾಡಬೇಡಿ.

ಅದಕ್ಕೂ ಮೊದಲು ಪುಡಿ ಒಣಗಿದ್ದಾಗಲೇ ಬಟ್ಟೆ ಒದರಿ. ಒದ್ದೆ ಕೈಯಲ್ಲಿ ಮುಟ್ಟಬೇಡಿ, ಕರ್ಚೀಫಿನಲ್ಲಿ ಒರೆಸಬೇಡಿ. ಉಳಿದ ಪುಡಿ ಮೇಲೆ ಸೆಲ್ಲೋಟೇಪ್ ಮೆಲ್ಲಗೆ ಅಂಟಿಸಿ ಎತ್ತಿದರೆ ಎಷ್ಟೋ ಹೊರಟು ಹೋಗುತ್ತದೆ. ನೀರು ಬಿದ್ದ ಮೇಲೆ ಹೋಗದ ಬಣ್ಣ ಈ ಒಂದು ಹಂತದಲ್ಲಿ ಹೋಗಿರುತ್ತದೆ.

ಆಮೇಲೆ ಕಲೆಯ ಅಂಚಿಗೆ ಒಂದು ಹನಿ ನಿಂಬೆರಸ ಬಿಡಿ. ಕೆಂಪು ಹೋಗಿ ಹಳದಿಯಾದರೆ ಅದು ಅರಿಶಿನದ ಕುಂಕುಮ. ಕೆಂಪಾಗಿಯೋ ಗುಲಾಬಿಯಾಗಿಯೋ ಹಾಗೇ ಉಳಿದರೆ ಕೃತಕ ಬಣ್ಣ. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿ ಓಕುಳಿ ಮಾಡುತ್ತೇವಲ್ಲ, ಅದೇ ವಿದ್ಯೆ ಇಲ್ಲಿ ಹಿಂದುಮುಂದಾಗಿ ನಡೆಯುತ್ತದೆ. ಸುಣ್ಣ ತಾಗಿದರೆ ಅರಿಶಿನ ಕೆಂಪಾಗುತ್ತದೆ, ಹುಳಿ ತಾಗಿದರೆ ವಾಪಸ್ ಹಳದಿಯಾಗುತ್ತದೆ. ಸೋಪೂ ಸುಣ್ಣದ ಹಾಗೇ ಕ್ಷಾರ. ಹಾಗಾಗಿ ಅರಿಶಿನದ ಕಲೆಗೆ ಸೋಪು ಹಚ್ಚಿದ ಕೂಡಲೇ ಅದು ರಕ್ತದ ಹಾಗೆ ಕೆಂಪಾದರೆ ಗಾಬರಿ ಬೀಳಬೇಡಿ. ಕಲೆ ಜಾಸ್ತಿಯಾಗಿಲ್ಲ, ಬಣ್ಣ ಬದಲಾಗಿದೆ ಅಷ್ಟೆ. ಹಾಗೆಯೇ ನಿಂಬೆ ಹಾಕಿ ಹಳದಿಯಾದ್ದನ್ನು ನೋಡಿ ಕಲೆ ಹೋಯಿತು ಅಂತಲೂ ತಿಳಿಯಬೇಡಿ.

ಭಾವನ ಪಂಚೆಯಲ್ಲಿ ಎರಡು ಕಲೆ ಇತ್ತು. ಒಂದರ ಮೇಲೆ ನಿಂಬೆ ಹನಿ ಬಿದ್ದ ಕೂಡಲೇ ಬೇಳೆಕಾಳಿನಷ್ಟು ಜಾಗ ಹಳದಿಯಾಯಿತು. ಇನ್ನೊಂದು ಜಪ್ಪಯ್ಯ ಅನ್ನಲಿಲ್ಲ. ಅಕ್ಕ ನೆನಪು ಮಾಡಿಕೊಂಡಳು. ಒಂದು ಮನೆಯಿಂದ ಒಯ್ದ ಕುಂಕುಮ, ಇನ್ನೊಂದು ಛತ್ರದ ತಟ್ಟೆಯಲ್ಲಿ ಇಟ್ಟಿದ್ದು.

ಅರಿಶಿನದ ಕಲೆಗೆ ಎಲ್ಲಕ್ಕಿಂತ ಒಳ್ಳೆ ಮದ್ದು ಬಿಸಿಲು. ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಸರ್ಫ್ ಹಾಕಿ ತಣ್ಣೀರಲ್ಲಿ ಒಗೆದು, ಚೆನ್ನಾಗಿ ಜಾಲಿಸಿ, ಒದ್ದೆ ಇರುವಾಗಲೇ ಕಲೆ ಮೇಲಕ್ಕೆ ಬರುವ ಹಾಗೆ ನೇರ ಬಿಸಿಲಿಗೆ ಹರವಿ. ಒಣಗಿದರೆ ಮತ್ತೆ ಸ್ವಲ್ಪ ನೀರು ಚಿಮುಕಿಸಿ. ಮಧ್ಯಾಹ್ನದ ಬಿಸಿಲಲ್ಲಿ ಮೂರು ನಾಲ್ಕು ಗಂಟೆಗೆ ತಿಳಿಯಾಗುವುದು ಕಣ್ಣಿಗೇ ಕಾಣುತ್ತದೆ. ಪೂರ್ತಿ ಹೋಗಲು ಎರಡು ದಿನ ಬೇಕಾಗಬಹುದು. ಸಿಂಥೆಟಿಕ್‌ಗೂ ಇದೇ ಉಪಾಯ ನಡೆಯುತ್ತದೆ. ಆದರೆ ಗಾಢ ಬಣ್ಣದ ಬಟ್ಟೆಯನ್ನು ಅಷ್ಟು ಹೊತ್ತು ಬಿಸಿಲಿಗೆ ಹಾಕಿದರೆ ಬಟ್ಟೆಯ ಬಣ್ಣವೂ ಮಾಸುತ್ತದೆ. ಅಂಥದ್ದಕ್ಕೆ ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ ವಾಸಿ. ಅರಿಶಿನ ನೀರಲ್ಲಿ ಕರಗುವುದು ಕಡಿಮೆ, ಸ್ಪಿರಿಟ್‌ನಲ್ಲಿ ಚೆನ್ನಾಗಿ ಕರಗುತ್ತದೆ. ಕಲೆಯ ಕೆಳಗೆ ಬಿಳಿ ಬಟ್ಟೆ ಇಟ್ಟು, ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒತ್ತಿದರೆ ಹಳದಿ ಕೆಳಗಿನ ಬಟ್ಟೆಗೆ ಇಳಿಯುತ್ತದೆ.

ಕೃತಕ ಬಣ್ಣದ ಕುಂಕುಮ ಹಟಮಾರಿ. ನೀರು ಬಿದ್ದ ತಕ್ಷಣ ಹರಡುತ್ತದೆ. ಹಾಗಾಗಿ ಬಕೆಟ್‌ನಲ್ಲಿ ನೆನೆಸುವುದಕ್ಕಿಂತ ನಲ್ಲಿ ಕೆಳಗೆ ಹಿಡಿಯುವುದು ಮೇಲು. ಬಟ್ಟೆಯನ್ನು ತಿರುಗಿಸಿ, ಹಿಂಬದಿಯಿಂದ ಜೋರಾಗಿ ತಣ್ಣೀರು ಬಿಡಿ. ಬಂದ ಬಣ್ಣ ಬಂದ ದಾರಿಯಲ್ಲೇ ಹೊರಗೆ ಹೋಗಬೇಕು. ನೀರು ತಿಳಿಯಾಗುವವರೆಗೂ ಬಿಡಿ, ಆಮೇಲೆ ಸೋಪು. ಪಾಲಿಯೆಸ್ಟರ್ ಆದರೆ ಬಹಳ ಸಲ ಇಷ್ಟಕ್ಕೇ ಮುಗಿಯುತ್ತದೆ. ನೈಲಾನ್ ಆದರೆ ಇಂಥ ಬಣ್ಣವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬಹುದು, ಅಲ್ಲಿ ತಡಮಾಡಬೇಡಿ.

ಬಿಳಿ ಹತ್ತಿಯಲ್ಲಿ ಇಷ್ಟಾದರೂ ಗುಲಾಬಿ ಉಳಿಯಿತು ಅಂದರೆ ಆಕ್ಸಿಜನ್ ಬ್ಲೀಚ್ ಪುಡಿ. ಅಂಗಡಿಯಲ್ಲಿ ಕಲೆ ತೆಗೆಯುವ ಪುಡಿ ಅಂತ ಸಿಗುತ್ತದೆ. ಪ್ಯಾಕೆಟ್ ಮೇಲೆ ಸೋಡಿಯಂ ಪರ್‌ಕಾರ್ಬೊನೇಟ್ ಅಂತ ಇದೆಯಾ ನೋಡಿಕೊಳ್ಳಿ. 4 ಲೀಟರ್ ಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ, ನಾಲ್ಕೈದು ಗಂಟೆ. ಅದಕ್ಕೂ ಜಗ್ಗದಿದ್ದರೆ ಕೊನೆಗೆ ಸಾಮಾನ್ಯ ಬ್ಲೀಚ್, 5 ಲೀಟರ್ ತಣ್ಣೀರಿಗೆ 2 ದೊಡ್ಡ ಚಮಚ, 10 ನಿಮಿಷ. ಪಂಚೆಗೆ ಜರಿ ಅಂಚು ಇತ್ತು. ಅದನ್ನು ಬ್ಲೀಚ್‌ಗೆ ಮುಳುಗಿಸಿದರೆ ಜರಿ ಕಪ್ಪಾಗುತ್ತದೆ. ಕಲೆ ಇದ್ದ ಜಾಗವನ್ನಷ್ಟೇ ಹಿಡಿಯಾಗಿ ಹಿಡಿದು, ದಾರ ಸುತ್ತಿ ಕಟ್ಟಿ, ಆ ತುದಿಯನ್ನು ಮಾತ್ರ ಮಗ್ಗಿನಲ್ಲಿ ಅದ್ದಿದೆ. ಗುಲಾಬಿ ಹೋಯಿತು.

ಈ ಬ್ಲೀಚನ್ನು ಬಣ್ಣದ ಬಟ್ಟೆಗೆ, ನೈಲಾನ್‌ಗೆ, ಹಿಗ್ಗುವ ಲೆಗ್ಗಿಂಗ್‌ನಂಥ ಬಟ್ಟೆಗೆ ಹಾಕಲೇಬೇಡಿ. ಒಂದೋ ಬಣ್ಣ ಹೋಗುತ್ತದೆ, ಇಲ್ಲ ಹಳದಿ ತಿರುಗುತ್ತದೆ. ಇನ್ನೊಂದು ಮಾತು, ಇದು ಬಟ್ಟೆಗಿಂತ ಮುಖ್ಯ. ನಿಂಬೆರಸ, ವಿನಿಗರ್, ಟಾಯ್ಲೆಟ್ ತೊಳೆಯುವ ಆಸಿಡ್, ಇವು ಯಾವುದೂ ಬ್ಲೀಚ್ ಜೊತೆ ಸೇರಬಾರದು. ಸೇರಿದರೆ ವಿಷದ ಗಾಳಿ ಏಳುತ್ತದೆ. ನಿಂಬೆ ಪರೀಕ್ಷೆ ಮಾಡಿದ ಜಾಗವನ್ನು ಪೂರ್ತಿ ತೊಳೆದ ಮೇಲೆಯೇ ಬ್ಲೀಚ್ ಮುಟ್ಟಿ.

ಮೆಹೆಂದಿ: ಇಲ್ಲಿ ಗಡಿಯಾರವೇ ಎಲ್ಲ

ಗೋರಂಟಿ ಕೈಗೆ ಹೇಗೆ ಹತ್ತುತ್ತದೆ ಅಂತ ನಮಗೆಲ್ಲ ಗೊತ್ತು. ತೆಗೆದ ಕೂಡಲೇ ಕಿತ್ತಳೆ, ಮಾರನೇ ದಿನಕ್ಕೆ ಕಂದು. ಎಲೆಯಲ್ಲಿರುವ ಬಣ್ಣ ಚರ್ಮ, ಕೂದಲು, ಉಣ್ಣೆ, ರೇಷ್ಮೆ ಇವುಗಳ ಜೊತೆ ಬೆಸೆದುಕೊಳ್ಳುತ್ತದೆ. ಹತ್ತಿಗೆ ಅಷ್ಟು ಬಲವಾಗಿ ಬೆಸೆಯುವುದಿಲ್ಲ, ಪಾಲಿಯೆಸ್ಟರ್‌ಗೆ ಇನ್ನೂ ಕಡಿಮೆ. ಹಾಗಾಗಿ ರೇಷ್ಮೆಗೆ ಹತ್ತಿದರೆ ಮನೆಯಲ್ಲಿ ಏನೂ ಮಾಡದೆ ಡ್ರೈಕ್ಲೀನಿಂಗ್‌ಗೆ ಕೊಡಿ, ಅಲ್ಲೂ ಹೋಗದೆ ಇರಬಹುದು. ಹತ್ತಿ ಮತ್ತು ಸಿಂಥೆಟಿಕ್‌ಗೆ ಆಸೆ ಇಟ್ಟುಕೊಳ್ಳಬಹುದು.

ಇಲ್ಲಿ ನಿಂಬೆ ಬೇಡವೇ ಬೇಡ. ಮೆಹೆಂದಿ ಕಲಸುವಾಗ ನಿಂಬೆರಸ ಹಾಕುವುದೇ ಬಣ್ಣ ಚೆನ್ನಾಗಿ ಹತ್ತಲಿ ಅಂತ, ಅಲ್ವಾ? ಅದನ್ನೇ ಕಲೆಗೆ ಹಿಂಡಿದರೆ ಕಲೆಗೆ ಸಹಾಯ ಮಾಡಿದ ಹಾಗೆ. ಮೆಹೆಂದಿಯ ಬಣ್ಣ ಸರಿಯಾಗಿ ಕರಗುವುದು ಕ್ಷಾರದ ನೀರಿನಲ್ಲಿ. ಅಂದರೆ ಸೋಪಿನ ನೀರು, ವಾಷಿಂಗ್ ಸೋಡಾ.

ಕೋನ್‌ನಿಂದ ಹಸಿ ಮೆಹೆಂದಿ ಬಿದ್ದರೆ ಚಮಚದ ಹಿಂಬದಿಯಿಂದ ಎತ್ತಿ ತೆಗೆಯಿರಿ, ಒರೆಸಬೇಡಿ. ಕೂಡಲೇ ಹಿಂಬದಿಯಿಂದ ತಣ್ಣೀರು, ಆಮೇಲೆ ಸೋಪು. ಕೋನ್‌ನಲ್ಲಿ ನೀಲಗಿರಿ ಎಣ್ಣೆಯಂಥದ್ದು ಸೇರಿರುತ್ತದೆ, ಹಾಗಾಗಿ ಸೋಪಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿದರೆ ಒಳ್ಳೆಯದು. ಅರ್ಧ ಗಂಟೆಯೊಳಗೆ ಇಷ್ಟು ಮಾಡಿದರೆ ಪಾಲಿಯೆಸ್ಟರ್‌ನಲ್ಲಿ ಗುರುತೇ ಉಳಿಯದೆ ಹೋಗಬಹುದು. ಹತ್ತಿಯಲ್ಲಿ ತಿಳಿ ಕಿತ್ತಳೆ ಉಳಿಯುತ್ತದೆ.

ಅಕ್ಕನ ಮಗಳ ಟಾಪ್‌ನದ್ದು ಐದು ದಿನದ ಕಲೆ. ಮೆಹೆಂದಿ ಕೈ ಮಡಚಿಕೊಂಡು ಮಲಗಿದ್ದಳು. ತೋಳಿನ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಕಂದು ಕಲೆ, ಅದರ ಸುತ್ತ ಕಿತ್ತಳೆ ಉಂಗುರ. ಒಣಗಿದ ಚೂರನ್ನು ಉಗುರಿನಿಂದ ಕೆರೆದು ಉದುರಿಸಿದೆ. ಒಂದು ಬಟ್ಟಲು ತಣ್ಣೀರಿಗೆ ಅರ್ಧ ಟೀ ಚಮಚ ವಾಷಿಂಗ್ ಸೋಡಾ, ಸ್ವಲ್ಪ ಸರ್ಫ್ ಹಾಕಿ ಕಲೆ ಇದ್ದ ಭಾಗವನ್ನು 20 ನಿಮಿಷ ಅದ್ದಿಟ್ಟೆ. ನೀರು ಚಹಾದ ಬಣ್ಣಕ್ಕೆ ತಿರುಗಿತು. ಬಣ್ಣ ಇನ್ನೂ ಬಿಡುತ್ತಿದೆ ಅನ್ನುವುದಕ್ಕೆ ಇದೇ ಗುರುತು. ನೀರು ಬದಲಿಸಿ ಇನ್ನೊಮ್ಮೆ ಇಟ್ಟೆ. ಮೂರನೇ ಸಲ ನೀರು ತಿಳಿಯಾಗೇ ಉಳಿಯಿತು. ಸೋಪಿನಿಂದ ಆಗುವುದು ಇಷ್ಟೇ, ಇನ್ನು ಉಜ್ಜಿದರೆ ಬಟ್ಟೆ ಸವೆಯುತ್ತದೆ ಅಷ್ಟೆ.

ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್. ಗಾಯ ತೊಳೆಯಲು ಮೆಡಿಕಲ್ ಶಾಪಿನಲ್ಲಿ ಕೊಡುವ ಬಾಟಲಿಯಲ್ಲಿ ಸಾಮಾನ್ಯವಾಗಿ 6% ಇರುತ್ತದೆ. ಅದಕ್ಕೆ ಸಮ ನೀರು ಸೇರಿಸಿದರೆ 3% ಆಗುತ್ತದೆ, ಅಷ್ಟು ಸಾಕು. ಮೊದಲು ಒಳಗಿನ ಹೊಲಿಗೆ ಮೇಲೆ ಒಂದು ಹನಿ ಹಾಕಿ ಹತ್ತು ನಿಮಿಷ ಕಾದೆ. ಟಾಪ್‌ನ ಕೆನೆ ಬಣ್ಣ ಬದಲಾಗಲಿಲ್ಲ. ಕಲೆಗೆ ಹಚ್ಚಿ, ನೆರಳಲ್ಲಿ ಅರ್ಧ ಗಂಟೆ, ಒಣಗದ ಹಾಗೆ ಮತ್ತೆ ಮತ್ತೆ ಹನಿ ಬಿಡುತ್ತಾ ಇಟ್ಟೆ. ತೊಳೆದು ಮತ್ತೊಮ್ಮೆ. ಎರಡನೇ ಸಲಕ್ಕೆ ಕಿತ್ತಳೆ ಉಂಗುರ ಮಾಯ. ನಡುವಿನ ಕಂದು ಬಿಸ್ಕತ್ತಿನ ಬಣ್ಣಕ್ಕೆ ಇಳಿಯಿತು. ರಾತ್ರಿ ಆಕ್ಸಿಜನ್ ಬ್ಲೀಚ್ ಪುಡಿಯ ಬೆಚ್ಚಗಿನ ನೀರಿನಲ್ಲಿ ಟಾಪನ್ನು ಪೂರ್ತಿ ಮುಳುಗಿಸಿ ಬಿಟ್ಟೆ. ಬೆಳಿಗ್ಗೆ ಕಿಟಕಿ ಹತ್ತಿರ ಹಿಡಿದು ನೋಡಿದರೆ ಮಾತ್ರ ಕಾಣುವಷ್ಟು ನೆರಳು ಉಳಿದಿತ್ತು. ಐದು ದಿನದ ಕಲೆಗೆ ಅದಕ್ಕಿಂತ ಜಾಸ್ತಿ ನಾನು ಕೇಳುವುದಿಲ್ಲ.

ಪುಡಿ ಕಲಸಿದ ನೀರು ಉಳಿದರೆ ಬಾಟಲಿಗೆ ತುಂಬಿ ಮುಚ್ಚಳ ಹಾಕಿ ಇಡಬೇಡಿ. ಗಾಳಿ ತುಂಬಿ ಸಿಡಿಯುತ್ತದೆ. ಚೆಲ್ಲಿಬಿಡಿ.

ಹಾಗಾದರೆ ಪೆರಾಕ್ಸೈಡಾ, ಪುಡಿಯಾ? ಚಿಕ್ಕ ಕಲೆ, ಒಂದೇ ಜಾಗ ಅಂದರೆ ಪೆರಾಕ್ಸೈಡ್. ಅದನ್ನು ಹನಿ ಹನಿಯಾಗಿ ಹಾಕಬಹುದು, ಕಣ್ಣಮುಂದೆ ನೋಡುತ್ತಾ ನಿಲ್ಲಿಸಬಹುದು. ಅಲ್ಲಲ್ಲಿ ಸಿಡಿದ ಕಲೆಗೆ, ತಿಳಿ ಬಣ್ಣದ ದೊಡ್ಡ ಬಟ್ಟೆಗೆ ಪುಡಿ. ಗಾಢ ಬಣ್ಣದ ಹತ್ತಿಗೆ ಎರಡೂ ಅಪಾಯ. ಮೆಹೆಂದಿಯ ಜೊತೆ ಬಟ್ಟೆಯ ಬಣ್ಣವೂ ಹೋಗಿ ಬಿಳಿ ಮಚ್ಚೆ ಬಿದ್ದರೆ ಅದನ್ನು ಸರಿ ಮಾಡುವ ದಾರಿ ಇಲ್ಲ. ಅಂಥ ಬಟ್ಟೆಗೆ ಸೋಪಿನ ಹಂತದಲ್ಲೇ ನಿಲ್ಲಿಸಿ. "ಕಪ್ಪು ಮೆಹೆಂದಿ" ಅಂತ ಬರುವುದರಲ್ಲಿ ಹೇರ್ ಡೈ ಬಣ್ಣ ಬೆರೆತಿರಬಹುದು, ಅದು ಹತ್ತಿದರೆ ನಾವು ಹೆಚ್ಚೇನೂ ಮಾಡಲು ಆಗುವುದಿಲ್ಲ.

ಲಿಪ್‌ಸ್ಟಿಕ್: ಮೊದಲು ಎಣ್ಣೆ, ಆಮೇಲೆ ಬಣ್ಣ

ಲಿಪ್‌ಸ್ಟಿಕ್‌ಗೆ ನೀರು ಹಾಕಿದರೆ ಏನೂ ಆಗುವುದಿಲ್ಲ. ಬಾರ್ ಸೋಪು ಹಾಕಿ ಉಜ್ಜಿದರೆ ಮೇಣ ಹರಡಿ, ಬೆರಳಗಲದ ಕಲೆ ಅಂಗೈ ಅಗಲ ಆಗುತ್ತದೆ. ಅಕ್ಕ ಛತ್ರದ ಬಾತ್‌ರೂಮಿನಲ್ಲಿ ಹ್ಯಾಂಡ್‌ವಾಶ್ ಹಾಕಿ ಇದನ್ನೇ ಮಾಡಿದ್ದಳು.

ಗಟ್ಟಿ ಇರುವುದನ್ನು ಮೊದಲು ಬೆಣ್ಣೆ ಹಚ್ಚುವ ಚಾಕುವಿನಿಂದ ಕೆರೆದು ತೆಗೆಯಿರಿ. ಆಮೇಲೆ ಎದುರಿಗಿರುವುದು ಮೂರು ದಾರಿ: ಪಾತ್ರೆ ತೊಳೆಯುವ ಲಿಕ್ವಿಡ್, ಸ್ಪಿರಿಟ್, ಕೊಬ್ಬರಿ ಎಣ್ಣೆ. ಮೆತ್ತಗಿನ, ಮಿಂಚುವ ಮಾಮೂಲು ಲಿಪ್‌ಸ್ಟಿಕ್ ಆದರೆ ಲಿಕ್ವಿಡ್ ಒಂದೇ ಸಾಕು. ಒಣ ಬಟ್ಟೆಗೇ ಎರಡು ಹನಿ ಹಾಕಿ, ಬೆರಳ ತುದಿಯಲ್ಲಿ ಹೊರಗಿನಿಂದ ಒಳಕ್ಕೆ ಮೆಲ್ಲಗೆ ಸವರಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಮೊದಲೇ ಬಟ್ಟೆ ಒದ್ದೆ ಮಾಡಿದರೆ ಲಿಕ್ವಿಡ್ ತೆಳುವಾಗಿ ಅದರ ಶಕ್ತಿ ಹೋಗುತ್ತದೆ.

ಇಡೀ ದಿನ ನಿಲ್ಲುವ ಮ್ಯಾಟ್ ಲಿಪ್‌ಸ್ಟಿಕ್ ಬೇರೆ ಜಾತಿ. ಅದು ಒಣಗಿ ತೆಳು ಪದರದ ಹಾಗೆ ಅಂಟಿಕೊಳ್ಳುತ್ತದೆ. ತುಟಿಯಿಂದ ತೆಗೆಯಲು ಎಣ್ಣೆ ಬೇಕಲ್ಲ, ಬಟ್ಟೆಗೂ ಹಾಗೇ. ಎರಡು ಹನಿ ಕೊಬ್ಬರಿ ಎಣ್ಣೆ, ಹತ್ತು ನಿಮಿಷ, ಪದರ ಸಡಿಲವಾದ ಮೇಲೆ ಲಿಕ್ವಿಡ್. ಇದು ಹತ್ತಿಗೆ ಸರಿ. ಸಿಂಥೆಟಿಕ್‌ಗೆ ನಾನು ಎಣ್ಣೆ ಹಾಕಲು ಹಿಂಜರಿಯುತ್ತೇನೆ. ಮೊದಲೇ ಎಣ್ಣೆ ಬಿಡದ ನೂಲು ಅದು, ಇನ್ನೊಂದು ಕಲೆ ಸೇರಿಸಿದ ಹಾಗಾಗಬಹುದು. ಅಲ್ಲಿ ಸ್ಪಿರಿಟ್ ಮೇಲು.

ಅಕ್ಕನ ಸೀರೆಗೆ ಹಾಗೇ ಮಾಡಿದೆ. ಸೆರಗಿನ ಒಳಬದಿಯಲ್ಲಿ ಸ್ಪಿರಿಟ್ ಹಚ್ಚಿ ಬಿಳಿ ಬಟ್ಟೆ ಒತ್ತಿದೆ, ನೀಲಿ ಇಳಿಯಲಿಲ್ಲ. ಇಳಿದಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಸೀರೆಯನ್ನು ಕಲೆ ಕೆಳಮುಖ ಮಾಡಿ ಹಳೆ ಬಿಳಿ ಬನಿಯನ್ ಮೇಲೆ ಹರಡಿ, ಹಿಂಬದಿಯಿಂದ ಸ್ಪಿರಿಟ್ ಹತ್ತಿ ಒತ್ತಿದೆ. ಉಜ್ಜಲಿಲ್ಲ, ಒತ್ತಿದ್ದು ಮಾತ್ರ. ಜಾರ್ಜೆಟ್ ಉಜ್ಜಿದರೆ ಎಳೆ ಸರಿದು ಅಲ್ಲಿ ಪೊರೆ ಬಿಟ್ಟ ಹಾಗೆ ಕಾಣುತ್ತದೆ. ಬನಿಯನ್ ಮೇಲೆ ಕೆಂಪು ತುಟಿಯ ಗುರುತಿನ ಹಾಗೆ ಇಳಿಯಿತು. ಜಾಗ ಬದಲಿಸುತ್ತಾ ಹೋದೆ. ಅದೇ ಜಾಗದಲ್ಲಿ ಒತ್ತಿದರೆ ಇಳಿದ ಬಣ್ಣ ವಾಪಸ್ ಹತ್ತುತ್ತದೆ. ಏಳೆಂಟು ಸಲ ಆದ ಮೇಲೆ ಕೆಂಪು ಇಳಿಯುವುದು ನಿಂತಿತು, ಆದರೆ ಬೆಳಕಿಗೆ ಹಿಡಿದಾಗ ಮಂಕಾದ ಎಣ್ಣೆ ಗುರುತು ಕಂಡಿತು. ಇದನ್ನು ಬಹಳ ಜನ ಗಮನಿಸುವುದಿಲ್ಲ. ಈ ಎಣ್ಣೆ ಬಿಟ್ಟರೆ ನಾಲ್ಕು ದಿನದಲ್ಲಿ ಅದರ ಮೇಲೆ ಧೂಳು ಕೂತು ಕಲೆ ಮತ್ತೆ ಬರುತ್ತದೆ. ಲಿಕ್ವಿಡ್ ಎರಡು ಹನಿ ಹಾಕಿ, ಹತ್ತು ನಿಮಿಷ ಬಿಟ್ಟು, ಉಗುರು ಬೆಚ್ಚಗಿನ ನೀರಲ್ಲಿ ತೊಳೆದೆ.

ಸ್ಪಿರಿಟ್ ಮುಟ್ಟುವಾಗ ಒಲೆ, ದೀಪ, ಊದಿನಕಡ್ಡಿ ಯಾವುದೂ ಹತ್ತಿರ ಇರಬಾರದು. ಕಿಟಕಿ ತೆಗೆದಿಡಿ. ಕಲ್ಲು, ಮಿಂಚು ಅಂಟಿಸಿದ ಸ್ಟೋನ್ ವರ್ಕ್ ಸೀರೆಗೆ ಸ್ಪಿರಿಟ್ ಹಾಕಿದರೆ ಗೋಂದು ಬಿಟ್ಟು ಕಲ್ಲು ಉದುರಬಹುದು. ಅಂಥದ್ದನ್ನು ಡ್ರೈಕ್ಲೀನಿಂಗ್‌ಗೆ ಕೊಡುವುದೇ ಸರಿ. ಕೊಡುವಾಗ ಇದು ಲಿಪ್‌ಸ್ಟಿಕ್, ಇದಕ್ಕೆ ನಾನು ಇಂಥದ್ದು ಹಾಕಿದ್ದೇನೆ ಅಂತ ಬಾಯಿಬಿಟ್ಟು ಹೇಳಿ. ನೇಲ್‌ಪಾಲಿಶ್ ರಿಮೂವರ್ ಹಾಕುವವರಿದ್ದಾರೆ. ಅದರಲ್ಲಿ ಅಸಿಟೋನ್ ಇದ್ದರೆ ಅಸಿಟೇಟ್ ಅನ್ನುವ ನುಣುಪು ಲೈನಿಂಗ್ ಬಟ್ಟೆ ಕರಗಿ ತೂತೇ ಬೀಳುತ್ತದೆ. ಸ್ಪಿರಿಟ್ ಸಿಗುವಾಗ ಅದರ ಸಹವಾಸ ಬೇಡ.

ಒಂದೇ ಜಾಗದಲ್ಲಿ ಲಿಪ್‌ಸ್ಟಿಕ್ಕೂ ಕುಂಕುಮವೂ ಸೇರಿದ್ದರೆ ಪುಡಿ ಒದರಿದ ಮೇಲೆ ಮೊದಲು ಎಣ್ಣೆಯ ಕಲೆ ತೆಗೆಯಿರಿ. ಮೇಣ ಮೇಲೆ ಕೂತಿದ್ದರೆ ನೀರೂ ಪೆರಾಕ್ಸೈಡೂ ಕೆಳಗಿನ ಬಣ್ಣವನ್ನು ಮುಟ್ಟುವುದೇ ಇಲ್ಲ.

ಸಂಜೆ ಮೂರೂ ಬಟ್ಟೆ ತಂತಿ ಮೇಲಿದ್ದವು. ಪಂಚೆ ಬಿಸಿಲಿನ ಕಡೆ, ಟಾಪ್ ಮತ್ತು ಸೀರೆ ನೆರಳಿನ ಕಡೆ. ಸೀರೆಗೆ ಇಸ್ತ್ರಿ ಹಾಕುವ ಮೊದಲು ಅಕ್ಕನನ್ನು ಹಗಲು ಬೆಳಕಿಗೆ ಕರೆದು ಸೆರಗು ಅವಳ ಕೈಗೇ ಕೊಟ್ಟೆ, ಗುರುತು ಹುಡುಕು ಅಂತ. ಟ್ಯೂಬ್‌ಲೈಟಿನಲ್ಲಿ ಕಾಣದ ಎಣ್ಣೆ ಹಗಲಲ್ಲಿ ಕಾಣುತ್ತದೆ. ಅವಳು ಎರಡು ಸಲ ತಿರುಗಿಸಿ ನೋಡಿ, ಯಾವ ಜಾಗ ಅಂತ ನನ್ನನ್ನೇ ಕೇಳಿದಳು. ಆಮೇಲೆ ಇಸ್ತ್ರಿಪೆಟ್ಟಿಗೆ ತೆಗೆದೆ.